ಎಕ್ಸಾಮಿನೇಷನ್ ರಿಪೋರ್ಟಿನಲ್ಲಿ ಮೂರು ಹೆಸರು: ಗಾಣದ ಎಣ್ಣೆಯವರಿಗೆ ಆಕ್ಷೇಪಣೆ ಬಿಡಿಸಿ ಹೇಳಿದ ಬಗೆ

ತಿಪಟೂರು ಕಡೆ ಮರದ ಗಾಣ ಇಟ್ಟುಕೊಂಡು ಕಡ್ಲೆಕಾಯಿ, ಕೊಬ್ಬರಿ, ಎಳ್ಳು, ಕುಸುಬೆ ಎಣ್ಣೆ ಮಾರುವವರೊಬ್ಬರ ಟ್ರೇಡ್‌ಮಾರ್ಕ್ ಅರ್ಜಿಗೆ ಎಕ್ಸಾಮಿನೇಷನ್ ರಿಪೋರ್ಟ್, ಅಂದರೆ ಕಚೇರಿಯ ಆಕ್ಷೇಪಣೆಗಳ ಪತ್ರ, ಇಂಗ್ಲಿಷಿನಲ್ಲಿ ಬಂದಿತ್ತು. ಅವರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಉತ್ತರ ಹಾಕಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಬ್ರ್ಯಾಂಡಿನ ಹೆಸರನ್ನು ಬದಲಿಸಿ 'ಮುಂಜಾವು ಗಾಣ' ಎಂದು ಇಟ್ಟುಕೊಂಡಿದ್ದೇನೆ. ರಿಪೋರ್ಟಿನಲ್ಲಿದ್ದ ಬೇರೆ ಹೆಸರುಗಳನ್ನೂ ಹಾಗೆಯೇ ಬದಲಿಸಿದ್ದೇನೆ. ಸೆಕ್ಷನ್, ಫಾರಂ, ಶುಲ್ಕ ಮಾತ್ರ ಇದ್ದದ್ದು ಇದ್ದ ಹಾಗೆ.

ಅವರ ಮೊದಲ ಪ್ರಶ್ನೆ, "ಸಾರ್, ಯಾರೋ ನಮ್ಮ ಮೇಲೆ ಕೇಸ್ ಹಾಕವ್ರೆ. ಎಣ್ಣೆ ಮಾರೋದು ನಿಲ್ಲಿಸಬೇಕಾ?" ಈ ಭಯಕ್ಕೆ ಕಾರಣ ರಿಪೋರ್ಟಿನ ಭಾಷೆಯೇ. ಪ್ರತಿ ಆಕ್ಷೇಪಣೆಯಲ್ಲೂ ಸೆಕ್ಷನ್ ನಂಬರು, ಕೊನೆಯಲ್ಲಿ 'ಲಯಬಲ್ ಟು ಬಿ ರೆಫ್ಯೂಸ್ಡ್' ಎಂಬ ಮಾತು. ಅದನ್ನು ಓದಿದವರಿಗೆ ಅರ್ಜಿ ತಿರಸ್ಕಾರವಾಯಿತು ಎಂದೇ ಅನ್ನಿಸುತ್ತದೆ. ಆ ಮಾತಿನ ತೂಕ ಇಷ್ಟೇ: ನೀವು ಸಮಾಧಾನ ಹೇಳದಿದ್ದರೆ ತಿರಸ್ಕರಿಸಬೇಕಾಗುತ್ತದೆ. ಇದು ಸಿದ್ಧ ಒಕ್ಕಣೆ, ಸಾವಿರಾರು ಅರ್ಜಿಗಳಿಗೆ ಇದೇ ಸಾಲುಗಳು ಹೋಗುತ್ತವೆ. ಕೇಳುತ್ತಿರುವವರು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಪರಿಶೀಲನಾ ಅಧಿಕಾರಿ. ಹೊರಗಿನವರು ಯಾರೂ ಇನ್ನೂ ಈ ಚಿತ್ರದಲ್ಲಿಲ್ಲ. ಆನ್‌ಲೈನಿನಲ್ಲಿ ಅರ್ಜಿಯ ಸ್ಥಿತಿ Objected ಎಂದಿದ್ದರೆ ಕಚೇರಿಯ ಆಕ್ಷೇಪಣೆ, Opposed ಎಂದಿದ್ದರೆ ಮೂರನೆಯವರ ವಿರೋಧ. ಎರಡೂ ಒಂದೇ ಎಂದುಕೊಂಡು ಗಾಬರಿಯಾದವರನ್ನು ಬಹಳ ಕಂಡಿದ್ದೇನೆ. ಮಾರಾಟ ನಿಲ್ಲಿಸಿ ಎಂದು ರಿಪೋರ್ಟ್ ಎಲ್ಲೂ ಹೇಳುವುದಿಲ್ಲ. ಹೆಸರಿನ ಪಕ್ಕ ಟಿಎಂ ಗುರುತು ಹಾಕಿಕೊಂಡು ಮಾರಬಹುದು. ಆದರೆ ವೃತ್ತದೊಳಗೆ ಆರ್ ಅಕ್ಷರ ಇರುವ ಗುರುತನ್ನು ನೋಂದಣಿ ಆಗುವ ತನಕ ಹಾಕುವ ಹಾಗಿಲ್ಲ, ಅದು ಕಾನೂನಿಗೆ ವಿರುದ್ಧ. ಇವರ ಒಂದು ಲೀಟರ್ ಬಾಟಲಿಯ ಲೇಬಲ್ಲಿನಲ್ಲಿ ಅದು ಆಗಲೇ ಅಚ್ಚಾಗಿತ್ತು. ಮುಂದಿನ ಲೇಬಲ್ಲಿನಿಂದ ತೆಗೆಸಲು ಅಂದೇ ಹೇಳಿದೆ.

ಆಕ್ಷೇಪಣೆಗೆ ಕೈಹಾಕುವ ಮುಂಚೆ ನೋಡಬೇಕಾದದ್ದು ತಾರೀಕು. ರಿಪೋರ್ಟ್ ತಲುಪಿದ ದಿನದಿಂದ 30 ದಿನಗಳೊಳಗೆ ಉತ್ತರ ಹೋಗಬೇಕು. ಹೋಗದಿದ್ದರೆ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 132ರ ಪ್ರಕಾರ ಅರ್ಜಿಯನ್ನು ಕೈಬಿಟ್ಟಂತೆ ಲೆಕ್ಕ ಹಾಕುತ್ತಾರೆ, ಸ್ಥಿತಿ Abandoned ಆಗುತ್ತದೆ. 'ತಲುಪಿದ ದಿನ' ಅಂದರೆ ನೀವು ತೆರೆದು ಓದಿದ ದಿನ ಅಲ್ಲ. ಇ-ಮೇಲಾದರೆ ಕಳಿಸಿದ ಹೊತ್ತಿಗೇ ತಲುಪಿದಂತೆ. ಇಲ್ಲಿ ಹಳ್ಳಿ ಪಟ್ಟಣಗಳ ಅರ್ಜಿಗಳಿಗೆ ಒಂದು ತೊಡಕು ಅಂಟಿಕೊಂಡೇ ಇರುತ್ತದೆ: ಅರ್ಜಿ ತುಂಬಿದ ಸೈಬರ್ ಸೆಂಟರಿನವರು ತಮ್ಮದೇ ಇ-ಮೇಲ್ ವಿಳಾಸ ಕೊಟ್ಟಿರುತ್ತಾರೆ. ಪತ್ರ ಅಲ್ಲಿಗೆ ಹೋಗಿ ಕೂತಿರುತ್ತದೆ, ಮಾಲೀಕರಿಗೆ ಸುದ್ದಿಯೇ ಇರುವುದಿಲ್ಲ. ಇವರದ್ದೂ ಹಾಗೇ ಆಗಿ, ಗಡುವಿನಲ್ಲಿ ಒಂದಷ್ಟು ದಿನ ಆಗಲೇ ಕಳೆದುಹೋಗಿದ್ದವು. ಅರ್ಜಿ ಸಂಖ್ಯೆ ಹಾಕಿ ರಿಜಿಸ್ಟ್ರಿಯ ಜಾಲತಾಣದಲ್ಲಿ ಸ್ಥಿತಿ ನೋಡಿದರೆ ರಿಪೋರ್ಟ್ ಅಲ್ಲೇ ಸಿಗುತ್ತದೆ. ಅರ್ಜಿ ಹಾಕಿದ ಮೇಲೆ ಆಗಾಗ ಇಣುಕಿ ನೋಡುವುದು ಮಾಲೀಕರೇ ಮಾಡಿಕೊಳ್ಳಬೇಕಾದ ಕೆಲಸ.

ಆಮೇಲೆ ಮೊದಲ ಪುಟ. ಅಲ್ಲಿ ಆಕ್ಷೇಪಣೆ ಇರುವುದಿಲ್ಲ ಎಂದು ಎಲ್ಲರೂ ಹಾರಿಸಿಬಿಡುತ್ತಾರೆ. ಅರ್ಜಿದಾರರ ಹೆಸರು, ಸರಕು ಸೇರುವ ವರ್ಗ, ಸರಕುಗಳ ಪಟ್ಟಿ, ಎಂದಿನಿಂದ ಬಳಕೆ ಎಂಬ ವಿವರ ಇರುವುದು ಅಲ್ಲೇ. ಸರಕುಗಳ ಪಟ್ಟಿಯನ್ನು ಕನ್ನಡದಲ್ಲಿ ಒಂದೊಂದಾಗಿ ಓದಿ ಹೇಳಿದೆ: ಮಾಂಸ, ಮೀನು, ಕೋಳಿ, ಮೊಟ್ಟೆ, ಜಾಮ್, ಹಾಲು, ಗಿಣ್ಣು, ಬೆಣ್ಣೆ, ಮೊಸರು, ಕೊನೆಗೆ ಅಡುಗೆ ಎಣ್ಣೆ ಮತ್ತು ಕೊಬ್ಬು. ಅವರು ಮುಖ ನೋಡಿದರು. "ನಾವು ಮೊಟ್ಟೇನೂ ಮುಟ್ಟಲ್ಲ ಸಾರ್, ಕೋಳಿ ಯಾಕೆ ಬಂತು?" ಬಂದದ್ದು ಹೀಗೆ: ಅಡುಗೆ ಎಣ್ಣೆ ಇರುವುದು ವರ್ಗ 29ರಲ್ಲಿ. ಆ ವರ್ಗದ ತಲೆಬರಹದಲ್ಲಿ ಇವೆಲ್ಲ ಇವೆ. ಅರ್ಜಿ ತುಂಬಿದವರು ತಲೆಬರಹವನ್ನು ಇಡಿಯಾಗಿ ನಕಲು ಮಾಡಿ ಅಂಟಿಸಿದ್ದರು. ಹೆಚ್ಚು ಬರೆದರೆ ಹೆಚ್ಚು ರಕ್ಷಣೆ ಎಂಬ ನಂಬಿಕೆ ಅದರ ಹಿಂದೆ ಇರುತ್ತದೆ. ಆಗುವುದು ಉಲ್ಟಾ. ಪಟ್ಟಿಯಲ್ಲಿ ಹಾಲು ಇದ್ದರೆ ಹಾಲಿನವರ ಹೆಸರೆಲ್ಲ ನಿಮಗೆ ಅಡ್ಡ ಬರುತ್ತದೆ, ಉಪ್ಪಿನಕಾಯಿ ಒಳಗೊಳ್ಳುವ ಹಾಗಿದ್ದರೆ ಉಪ್ಪಿನಕಾಯಿಯವರದ್ದೂ ಬರುತ್ತದೆ. ಇವರ ರಿಪೋರ್ಟಿನ ಅರ್ಧ ತಲೆನೋವು ಹುಟ್ಟಿದ್ದು ಆ ನಕಲಿನಿಂದ.

ಅರ್ಜಿಯಲ್ಲಿರುವುದನ್ನು ತಿದ್ದಲು TM-M ಫಾರಂ ಇದೆ, ಆನ್‌ಲೈನಿನಲ್ಲಿ 900 ರೂಪಾಯಿ. ಅದರಲ್ಲಿ ಪಟ್ಟಿಯನ್ನು 'ಮರದ ಗಾಣದಲ್ಲಿ ತೆಗೆದ ಅಡುಗೆ ಎಣ್ಣೆಗಳು, ಅಂದರೆ ಕಡ್ಲೆಕಾಯಿ, ಕೊಬ್ಬರಿ, ಎಳ್ಳು, ಕುಸುಬೆ ಎಣ್ಣೆ' ಎಂದು ಕುಗ್ಗಿಸಲು ಕೇಳಿದೆವು. ಕುಗ್ಗಿಸಲು ಅವಕಾಶ ಉಂಟು, ಹಿಗ್ಗಿಸಲು ಇಲ್ಲ. ಹಾಗಾಗಿ ಒಮ್ಮೆ ತೆಗೆದರೆ ಮತ್ತೆ ಸೇರಿಸಲು ಬರುವುದಿಲ್ಲ ಎಂದು ತಿಳಿಸಿ, ಮುಂದೆ ತುಪ್ಪ ಮಾಡುವ ಯೋಚನೆ ಇದೆಯೇ ಎಂದು ಕೇಳಿಕೊಂಡೇ ತೆಗೆದದ್ದು. ಇನ್ನೊಂದು ವಿಷಯವೂ ಆಗಲೇ ಹೊರಬಂತು. ಅವರ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿಯನ್ನು ಅರ್ಧಕ್ಕರ್ಧ ಜನ ತಲೆಗೆ ಹಚ್ಚಲು ಒಯ್ಯುತ್ತಾರೆ. ತಲೆಗೆ ಹಚ್ಚುವ ಎಣ್ಣೆ ವರ್ಗ 29ಕ್ಕೆ ಸೇರುವುದಿಲ್ಲ, ಅದು ಸೋಪು ಕ್ರೀಮುಗಳ ಜೊತೆ ವರ್ಗ 3. ಹೇರ್ ಆಯಿಲ್ ಎಂದು ಲೇಬಲ್ ಹಾಕಿ ಮಾರುವುದಾದರೆ ಬೇರೆ TM-A ಅರ್ಜಿ, ಬೇರೆ 4500 ರೂಪಾಯಿ. ಇದು ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಇರುವ ರಿಯಾಯಿತಿ ದರ, ಉಳಿದವರಿಗೆ 9000. ಸದ್ಯಕ್ಕೆ ಬೇಡ ಎಂದರು.

ಇನ್ನು ಆಕ್ಷೇಪಣೆಗಳು. ಸಣ್ಣವನ್ನು ಮೊದಲು ಮುಗಿಸಿಕೊಂಡೆವು.

ಲೇಬಲ್ಲಿನಲ್ಲಿ ಹೆಸರು ಕನ್ನಡ ಲಿಪಿಯಲ್ಲಿತ್ತು. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಪದ ಇದ್ದರೆ ಅದರ ಉಚ್ಚಾರ, ಅರ್ಥ, ಭಾಷೆ ಯಾವುದು ಎಂಬುದನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕೆಂದು 2017ರ ಟ್ರೇಡ್‌ಮಾರ್ಕ್ ನಿಯಮಗಳಲ್ಲಿ ನಿಯಮ 28 ಇದೆ. ಅರ್ಜಿಯಲ್ಲಿ ಕೊಟ್ಟಿರಲಿಲ್ಲ. ಅದೇ ಬಗೆಯ ಇನ್ನೊಂದು TM-Mನಲ್ಲಿ ಮುಗಿಯುವ ಕೆಲಸ ಇದು. ಆದರೆ ಭಾಷೆ ಕನ್ನಡ ಎಂದು ಬರೆಯುವುದನ್ನು ಮರೆಯಬಾರದು, ಇಲ್ಲದಿದ್ದರೆ ಹಿಂದಿ ಬಲ್ಲ ಅಧಿಕಾರಿ 'ಗಾಣ'ವನ್ನು ಹಾಡು ಎಂದು ಓದಿಕೊಳ್ಳುವುದು ಸಹಜ.

ಎರಡನೆಯದು ಸೆಕ್ಷನ್ 9(1)(ಬಿ). ಸರಕು ಎಂಥದ್ದು, ಯಾವ ಗುಣದ್ದು, ಯಾವ ಊರಿನದು ಎಂಬುದನ್ನಷ್ಟೇ ಹೇಳುವ ಪದವನ್ನು ಒಬ್ಬರ ಸ್ವತ್ತು ಮಾಡುವಂತಿಲ್ಲ ಎಂಬುದು ಅದರ ಸಾರ. ಇದನ್ನು ಮಾಲೀಕರಿಗೆ ಹೇಳಿದಾಗ ತಕ್ಷಣ ಅರ್ಥವಾಯಿತು, ಏಕೆಂದರೆ ಅವರ ರಸ್ತೆಯಲ್ಲೇ ಇನ್ನೆರಡು ಅಂಗಡಿಗಳ ಬೋರ್ಡಿನ ಮೇಲೆ ಗಾಣ ಎಂದಿದೆ. 'ಗಾಣ'ವನ್ನು ನೀವು ಹಿಡಿದಿಟ್ಟುಕೊಂಡರೆ ಅವರು ಏನೆಂದು ಬರೆಸಬೇಕು? ಉತ್ತರದಲ್ಲಿ ನಾವು ಜಗಳಕ್ಕೆ ಹೋಗಲಿಲ್ಲ. ಹೆಸರನ್ನು ಬಿಡಿಸಿ ನೋಡದೆ ಇಡಿಯಾಗಿ ನೋಡಬೇಕು, ಸೆಕ್ಷನ್ 17 ಹೇಳುವುದೂ ಅದನ್ನೇ. 'ಮುಂಜಾವು' ಎಣ್ಣೆಯ ಯಾವ ಗುಣವನ್ನೂ ಹೇಳುವ ಪದವಲ್ಲ, 'ಗಾಣ' ಪದದ ಮೇಲೆ ಪ್ರತ್ಯೇಕ ಹಕ್ಕು ನಮಗೆ ಬೇಡ ಎಂದು ಬರೆದೆವು. ಹೀಗೆ ಬಿಟ್ಟುಕೊಟ್ಟರೆ ಲೇಬಲ್ಲಿನಿಂದ ಆ ಪದವನ್ನು ತೆಗೆಯಬೇಕೇ ಎಂಬ ಅನುಮಾನ ಅವರಿಗೆ ಬಂತು. ತೆಗೆಯಬೇಕಿಲ್ಲ. ನೀವು ಬಳಸಬಹುದು, ಬೇರೆಯವರನ್ನು ತಡೆಯಲು ಆಗದು, ಅಷ್ಟೇ. ಬರೀ 'ಮರದ ಗಾಣ' ಎಂದೋ 'ತಿಪಟೂರು ಕೊಬ್ಬರಿ ಎಣ್ಣೆ' ಎಂದೋ ಅರ್ಜಿ ಹಾಕಿದ್ದರೆ ಈ ಉತ್ತರ ನಡೆಯುತ್ತಿರಲಿಲ್ಲ. ಅಂಥ ಹೆಸರಿಗೆ, ಅರ್ಜಿ ಹಾಕುವ ದಿನಕ್ಕೆ ಮೊದಲೇ ಜನರ ಬಾಯಲ್ಲಿ ಆ ಪದ ನಿಮ್ಮೊಬ್ಬರ ಸರಕಿನ ಹೆಸರಾಗಿ ನಿಂತಿತ್ತು ಎಂದು ವರ್ಷಗಳ ವಹಿವಾಟು, ಜಾಹೀರಾತು ಖರ್ಚು ತೋರಿಸಿ ಸಾಬೀತು ಮಾಡಬೇಕು. ಸಣ್ಣ ಗಾಣಕ್ಕೆ ಅದು ಎಟುಕುವ ಮಾತಲ್ಲ.

ನಿಜವಾಗಿ ಹೊತ್ತು ಹಿಡಿದದ್ದು ಸೆಕ್ಷನ್ 11. ನಿಮಗಿಂತ ಮೊದಲು ಬಂದ ಅದೇ ಅಥವಾ ಹೋಲುವ ಹೆಸರು, ಅದೇ ಅಥವಾ ಹೋಲುವ ಸರಕಿಗೆ ಇದೆ, ಗಿರಾಕಿ ಗೊಂದಲಕ್ಕೆ ಬೀಳುತ್ತಾರೆ ಎಂಬ ಆಕ್ಷೇಪಣೆ. ಇದರ ಜೊತೆಗೆ ಒಂದು ಪಟ್ಟಿ ಲಗತ್ತಾಗಿರುತ್ತದೆ. ಪಟ್ಟಿಯಲ್ಲಿ ಹೆಸರಿರುವವರು ದೂರು ಕೊಟ್ಟಿಲ್ಲ, ಅವರಿಗೆ ಈ ವಿಷಯ ಗೊತ್ತೂ ಇರುವುದಿಲ್ಲ. ಕಚೇರಿಯ ಹುಡುಕಾಟದಲ್ಲಿ ಸಿಕ್ಕಿದ ಹೆಸರುಗಳು ಅವು. ಇವರ ಪಟ್ಟಿಯಲ್ಲಿ ಮೂರಿದ್ದವು, ಮೂರೂ ವರ್ಗ 29:

MUNJAVU FRESH, ಹಾಲು, ಮೊಸರು, ತುಪ್ಪಕ್ಕೆ, 2021ರ ಅರ್ಜಿ, ನೋಂದಣಿಯಾಗಿದೆ.
MUNJAVU, ಉಪ್ಪಿನಕಾಯಿಗೆ.
MUNJAANE, ಅಡುಗೆ ಎಣ್ಣೆಗೆ, 2022ರ ಅರ್ಜಿ, ಮುಂದೆ ಬಳಸುತ್ತೇವೆ ಎಂದು ಹಾಕಿದ್ದು.

ಇವರ ಅರ್ಜಿ 2024ರದ್ದು. ಬಳಕೆ 2019ರ ಏಪ್ರಿಲ್ 1ರಿಂದ ಎಂದು ಅದರಲ್ಲಿ ಬರೆದಿತ್ತು.

ಪಟ್ಟಿ ನೋಡಿದ ಮಾಲೀಕರು ಹೆದರಿದ್ದು ಎರಡನೆಯದಕ್ಕೆ. ಅಕ್ಷರಕ್ಕೆ ಅಕ್ಷರ ಅವರದ್ದೇ ಹೆಸರು. ಮೂರನೆಯದನ್ನು ನೋಡಿ, "ಇದು ಮುಂಜಾನೆ ಸಾರ್, ನಮ್ಮದು ಮುಂಜಾವು, ಇದನ್ನ ಬಿಡಿ" ಎಂದರು. ಇಲ್ಲಿ ತಿರುಗಿಸಿ ಹೇಳಬೇಕಾಯಿತು. ಪಟ್ಟಿಯ ಹೆಸರುಗಳನ್ನು ಎಷ್ಟು ಹೋಲುತ್ತವೆ ಎಂಬುದರಿಂದ ಮಾತ್ರ ಅಳೆಯುವುದಲ್ಲ. ಹೆಸರಿಗೆ ಜೀವ ಇದೆಯೇ, ಸರಕು ಯಾವುದು, ಮೊದಲು ಬಂದವರು ಯಾರು, ಈ ಮೂರನ್ನೂ ನೋಡಬೇಕು. ಅದಕ್ಕೆ ಪ್ರತಿ ಅರ್ಜಿ ಸಂಖ್ಯೆಯನ್ನೂ ಜಾಲತಾಣದಲ್ಲಿ ಹಾಕಿ ಇವತ್ತಿನ ಸ್ಥಿತಿ ತೆಗೆದು, ಆ ಪುಟವನ್ನು ತಾರೀಕಿನ ಸಮೇತ ಪಿಡಿಎಫ್ ಮಾಡಿಟ್ಟುಕೊಳ್ಳಬೇಕು.

ಹಾಗೆ ನೋಡಿದಾಗ ಎರಡನೆಯ ಹೆಸರಿನ ಸ್ಥಿತಿ Abandoned ಎಂದಿತ್ತು. ಅಂದರೆ ಅದು ಸತ್ತ ಅರ್ಜಿ. ನಮ್ಮ ದಾರಿಗೆ ಅಡ್ಡ ನಿಲ್ಲುವ ಶಕ್ತಿ ಅದಕ್ಕಿಲ್ಲ. ಸ್ಥಿತಿಯ ಪುಟ ಲಗತ್ತಿಸಿ ಒಂದೇ ವಾಕ್ಯದಲ್ಲಿ ಮುಗಿಸಿದೆವು. Refused ಇದ್ದರೂ ಹೀಗೆಯೇ. ಆದರೆ Removed ಎಂದಿದ್ದರೆ ಅಷ್ಟು ಸಲೀಸಲ್ಲ. ನೋಂದಣಿಗೆ ಹತ್ತು ವರ್ಷದ ಆಯುಸ್ಸು, ನವೀಕರಣದ ಶುಲ್ಕ ಕಟ್ಟದಿದ್ದರೆ ತೆಗೆದುಹಾಕುತ್ತಾರೆ. ಹಾಗೆ ತೆಗೆದ ಮೇಲೂ ಒಂದು ವರ್ಷದ ತನಕ ಬೇರೆಯವರ ಅರ್ಜಿಯ ಮಟ್ಟಿಗೆ ಅದು ಇದ್ದಂತೆಯೇ ಎಂದು ಸೆಕ್ಷನ್ 26 ಹೇಳುತ್ತದೆ, ತೆಗೆಯುವ ಮುಂಚಿನ ಎರಡು ವರ್ಷ ಅದು ನಿಜವಾಗಿ ಬಳಕೆಯಲ್ಲಿರಲಿಲ್ಲ ಎಂದು ತೋರಿಸದ ಹೊರತು.

ಮೊದಲ ಹೆಸರಿಗೆ ಜೀವ ಇದೆ, ನೋಂದಣಿಯೂ ಇದೆ. ಅದಕ್ಕೆ ನಮ್ಮ ಉತ್ತರ ಸರಕಿನ ಬೇರೆತನ. ಪಟ್ಟಿ ಕುಗ್ಗಿಸಿದ್ದರ ಲಾಭ ಇಲ್ಲಿ ಸಿಕ್ಕಿತು: ಅವರದ್ದು ಹಾಲಿನ ಪದಾರ್ಥ, ನಮ್ಮದು ಬೀಜದಿಂದ ಹಿಂಡಿದ ಎಣ್ಣೆ. ಒಂದೇ ವರ್ಗದಲ್ಲಿವೆ ಎಂದ ಮಾತ್ರಕ್ಕೆ ಸರಕುಗಳು ಒಂದೇ ಆಗುವುದಿಲ್ಲ ಎನ್ನುವುದಕ್ಕೆ ಕರ್ನಾಟಕದವರಿಗೆ ಹೇಳಲು ಇದಕ್ಕಿಂತ ಹತ್ತಿರದ ತೀರ್ಪು ಇಲ್ಲ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ 'ನಂದಿನಿ' ಹೆಸರನ್ನು ಬಳಸುತ್ತಿದೆ. ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ತಮ್ಮ ಹೆಸರನ್ನು ಬಳಸುತ್ತಿದ್ದಾರೆ. ಹೋಟೆಲಿನವರು ವರ್ಗ 29 ಮತ್ತು 30ರಲ್ಲಿ ನೋಂದಣಿ ಕೇಳಿದ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. 2018ರಲ್ಲಿ ಕೋರ್ಟು ಹೋಟೆಲಿನವರ ಪರ ತೀರ್ಪು ಕೊಟ್ಟಿತು, ಆದರೆ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು. ಈ ಕಥೆ ಹೇಳಿದರೆ ಮಾಲೀಕರಿಗೆ ಪಟ್ಟಿಯಿಂದ ಹಾಲು ಮೊಸರು ಯಾಕೆ ತೆಗೆಸಿದೆವು ಎಂಬುದು ಬೇರೆ ವಿವರಣೆ ಇಲ್ಲದೆ ತಿಳಿಯುತ್ತದೆ.

ಹಾಗಂತ ಇದು ಗೆದ್ದೇಬಿಟ್ಟ ವಾದ ಅಲ್ಲ. ಅವರ ಪಟ್ಟಿಯಲ್ಲಿ ತುಪ್ಪ ಇದೆ. ತುಪ್ಪವೂ ಎಣ್ಣೆಯೂ ದಿನಸಿ ಅಂಗಡಿಯ ಒಂದೇ ಸಾಲಿನಲ್ಲಿ ಕೂರುತ್ತವೆ, ಕೊಳ್ಳುವವರೂ ಅವರೇ ಎಂದು ಅಧಿಕಾರಿ ಕೇಳಿದರೆ ತಪ್ಪೇನಿಲ್ಲ. ಹೆಸರು ಹತ್ತಿರವಾದಷ್ಟೂ ಸರಕು ದೂರ ಇರಬೇಕಾಗುತ್ತದೆ. ಆದ್ದರಿಂದ ಸರಕಿನ ವಾದದ ಜೊತೆಗೆ 2019ರ ಬಳಕೆಯನ್ನೂ ನಿಲ್ಲಿಸಿದೆವು. ಇಬ್ಬರೂ ಪ್ರಾಮಾಣಿಕವಾಗಿ ಒಂದೇ ಕಾಲದಲ್ಲಿ ಬಳಸುತ್ತಿದ್ದರೆ ಇಬ್ಬರಿಗೂ ನೋಂದಣಿ ಕೊಡುವ ಅಧಿಕಾರ ಸೆಕ್ಷನ್ 12ರಲ್ಲಿದೆ. ಹಾಲಿನವರಿಂದಲೇ ಒಪ್ಪಿಗೆ ಪತ್ರ ತಂದರೆ ಸೆಕ್ಷನ್ 11(4) ಇನ್ನೂ ನೇರ ದಾರಿ. ಆದರೆ ಹೋಗಿ ಕೇಳುವುದೆಂದರೆ ಮಲಗಿದ್ದವರನ್ನು ಎಬ್ಬಿಸಿದಂತೆ, ಬೇಡ ಎಂದೆ.

ಉಳಿದದ್ದು 'ಮುಂಜಾನೆ'. ಇದೇ ಗಟ್ಟಿ ಕಂಟಕ. ಸರಕು ಅದೇ ಅಡುಗೆ ಎಣ್ಣೆ, ಅರ್ಥ ಅದೇ ಬೆಳಗಿನ ಹೊತ್ತು, ಉಚ್ಚಾರದ ಮೊದಲರ್ಧ ಒಂದೇ, ಅರ್ಜಿಯ ತಾರೀಕು ನಮಗಿಂತ ಎರಡು ವರ್ಷ ಹಿಂದೆ. ನೋಂದಣಿ ಇನ್ನೂ ಆಗಿಲ್ಲ, ಅವರದ್ದೂ Objected ಸ್ಥಿತಿಯಲ್ಲೇ ಇತ್ತು. ಆದರೂ ಮೊದಲು ಹಾಕಿದ ಅರ್ಜಿ ಎಂಬ ಕಾರಣಕ್ಕೆ ಅಡ್ಡ ನಿಲ್ಲುತ್ತದೆ.

ಇಲ್ಲಿ ಮಾಮೂಲಿ ಉತ್ತರವೆಂದರೆ 'ಎರಡು ಹೆಸರೂ ಕಣ್ಣಿಗೆ, ಕಿವಿಗೆ, ಅರ್ಥಕ್ಕೆ ಪೂರ್ತಿ ಬೇರೆ' ಎಂಬ ಸಿದ್ಧ ಪ್ಯಾರಾ. ಸುಮಾರು ಉತ್ತರಗಳಲ್ಲಿ ಯೋಚಿಸದೆ ಅದನ್ನೇ ಅಂಟಿಸಿರುತ್ತಾರೆ. ಮಾಲೀಕರಿಗೂ ಅದೇ ಹಿತವಾಗಿತ್ತು. ನಾನು ಬೇಡ ಎಂದದ್ದಕ್ಕೆ ಕಾರಣ ಇದೆ. ಉತ್ತರ ರಿಜಿಸ್ಟ್ರಿಯ ದಾಖಲೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಉಳಿಯುತ್ತದೆ. ನಾಳೆ ಆ 'ಮುಂಜಾನೆ'ಯವರು ಎಣ್ಣೆ ತಯಾರಿಸಿ ಇದೇ ತಿಪಟೂರಿನ ಅಂಗಡಿಗೆ ತಂದರೆ, ಇವರು ಹೋಗಿ 'ಅದು ನಮ್ಮ ಹೆಸರಿನಂತಿದೆ, ನಿಲ್ಲಿಸಿ' ಎನ್ನಬೇಕಾಗುತ್ತದೆ. ಆಗ ಎದುರಿನವರು ಈ ಉತ್ತರವನ್ನೇ ತೆಗೆದು ತೋರಿಸುತ್ತಾರೆ. ಆಕ್ಷೇಪಣೆಗೆ ಕೊಟ್ಟ ಉತ್ತರದಲ್ಲಿ ಹೋಲಿಕೆ ಇಲ್ಲ ಎಂದವರು ಆಮೇಲೆ ಅದೇ ಹೆಸರಿನವರ ವಿರುದ್ಧ ಹೋಲಿಕೆ ಇದೆ ಎನ್ನಲು ಬಾರದು ಎಂಬ ನಿಲುವನ್ನು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2023ರಲ್ಲಿ ಒಂದು ಪ್ರಕರಣದಲ್ಲಿ ತಳೆದಿದೆ. ಇವತ್ತಿನ ಅರ್ಜಿ ಪಾಸಾಗಲೆಂದು ನಾಳೆಯ ಹಕ್ಕನ್ನು ಬರೆದುಕೊಟ್ಟಂತಾಗುತ್ತದೆ.

ಹಾಗಾಗಿ ಮೂರನೆಯದರ ಬಗ್ಗೆ ಹೋಲಿಕೆಯ ಮಾತೇ ಎತ್ತಲಿಲ್ಲ. ಮೊದಲು ಬಳಸಿದವರು ನಾವು, ಅವರು 2022ರಲ್ಲೂ ಬಳಸಿಯೇ ಇರಲಿಲ್ಲ ಎಂದು ಅವರ ಅರ್ಜಿಯೇ ಹೇಳುತ್ತದೆ, ನಮ್ಮ ಬಳಕೆ ಪ್ರಾಮಾಣಿಕ, ನಿರಂತರ ಎಂದಷ್ಟೇ ಬರೆದೆವು. ಅದರ ಜೊತೆಗೆ ಅವರ ಅರ್ಜಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡೆವು. ಅದು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದರೆ ನಾಲ್ಕು ತಿಂಗಳೊಳಗೆ TM-O ಹಾಕಿ ವಿರೋಧಿಸಬಹುದು, ಆನ್‌ಲೈನಿನಲ್ಲಿ ವರ್ಗಕ್ಕೆ 2700 ರೂಪಾಯಿ. ಆ ದಿನ ಬಂದರೆ ಇವತ್ತಿನ ಉತ್ತರ ಅದಕ್ಕೆ ಅಡ್ಡ ಬರಬಾರದು.

ಇಡೀ ಉತ್ತರ ನಿಂತಿರುವುದು 2019ರ ಮೇಲೆ ಎಂದ ಮೇಲೆ ಕಾಗದಪತ್ರ ಗಟ್ಟಿ ಇರಬೇಕು. ಅರ್ಜಿಗಿಂತ ಹಿಂದಿನ ಬಳಕೆ ಹೇಳಿದರೆ ಅದಕ್ಕೆ ಅಫಿಡವಿಟ್ಟೂ ದಾಖಲೆಗಳೂ ಅರ್ಜಿಯ ಜೊತೆಗೇ ಹೋಗಬೇಕಿತ್ತು. ಹೋಗಿರಲಿಲ್ಲ, ರಿಪೋರ್ಟಿನಲ್ಲಿ ಅದನ್ನೂ ಕೇಳಿದ್ದರು. ಮಾಲೀಕರು ಒಂದು ಚೀಲದ ತುಂಬ ಬಿಲ್ಲು ತಂದರು. ಮೊದಲ ಎರಡು ವರ್ಷದ ಅಷ್ಟೂ ಬಿಲ್ಲಿನಲ್ಲಿ 'ಕಡ್ಲೆಕಾಯಿ ಎಣ್ಣೆ 5 ಲೀ.' ಎಂದಿತ್ತು, ಮುಂಜಾವು ಎಂಬ ಪದ ಎಲ್ಲೂ ಇರಲಿಲ್ಲ. ಅದು ಎಣ್ಣೆ ಮಾರಿದ್ದಕ್ಕೆ ಸಾಕ್ಷಿ, ಹೆಸರು ಬಳಸಿದ್ದಕ್ಕೆ ಅಲ್ಲ. ಜಿಎಸ್‌ಟಿ ಸರ್ಟಿಫಿಕೇಟು, ಎಫ್‌ಎಸ್‌ಎಸ್‌ಎಐ ನೋಂದಣಿ ಪತ್ರ ಕೂಡ ಅಷ್ಟೇ. ವ್ಯಾಪಾರ ಇತ್ತು ಎನ್ನುತ್ತವೆ, ಬ್ರ್ಯಾಂಡ್ ಇತ್ತು ಎನ್ನುವುದಿಲ್ಲ. ಎಲ್ಲರ ಚೀಲದಲ್ಲೂ ಇದೇ ಕೊರತೆ ಕಾಣುತ್ತದೆ.

ಹೆಸರಿರುವ ಅತ್ಯಂತ ಹಳೆಯ ಕಾಗದ ಸಿಕ್ಕಿದ್ದು ಅವರು ಕಸ ಎಂದು ಬದಿಗಿಟ್ಟಿದ್ದರಲ್ಲಿ: ಲೇಬಲ್ ಅಚ್ಚು ಹಾಕಿಸಿದ ಪ್ರೆಸ್ಸಿನ ಬಿಲ್ಲು, 2019ರ ಸೆಪ್ಟೆಂಬರ್, 'ಮುಂಜಾವು ಗಾಣ ಲೇಬಲ್' ಎಂದು ಬರೆದದ್ದು. ಅದರ ನಂತರದ್ದು ಮೇಳವೊಂದರ ಮಳಿಗೆಯ ಬ್ಯಾನರ್ ಫೋಟೋ, ಫೇಸ್‌ಬುಕ್‌ನಲ್ಲಿ ತಾರೀಕಿನ ಸಮೇತ ಹಾಕಿದ್ದು. ಆಮೇಲೆ 2021ರಿಂದ ಹೆಸರು ಅಚ್ಚಾದ ಬಿಲ್ಲುಗಳು. ಅಂದರೆ ಅರ್ಜಿಯಲ್ಲಿ ಹೇಳಿದ ಏಪ್ರಿಲ್ ತಿಂಗಳಿಗೂ ಮೊದಲ ಪುರಾವೆಗೂ ನಡುವೆ ಐದು ತಿಂಗಳ ಕಂದಕ. "ಒಂದು ಹಳೇ ಬಿಲ್ ಬುಕ್ಕಲ್ಲಿ ಸೀಲ್ ಹೊಡ್ಕೊಂಡು ಬರ್ಲಾ ಸಾರ್?" ಎಂದು ಅವರು ಮುಗ್ಧವಾಗಿಯೇ ಕೇಳಿದರು. ಹಾಗೆ ಮಾಡಿದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ, ಒಂದು ಬಿಲ್ಲಿನ ಮೇಲೆ ಅನುಮಾನ ಬಂದರೆ ಉಳಿದ ನಿಜವಾದ ಕಾಗದವೂ ನೆಲಕಚ್ಚುತ್ತದೆ. ಅದರ ಅಗತ್ಯವೂ ಇರಲಿಲ್ಲ. ನಾವು ಮೀರಬೇಕಿದ್ದದ್ದು 2021 ಮತ್ತು 2022ರ ಅರ್ಜಿಗಳನ್ನು, ಸೆಪ್ಟೆಂಬರ್ 2019 ಅದಕ್ಕೆ ಧಾರಾಳ ಸಾಕು. ಏಪ್ರಿಲ್‌ನಲ್ಲಿ ಕೈಬರಹದ ಚೀಟಿ ಅಂಟಿಸಿ ಅದೇ ಹೆಸರಿನಲ್ಲಿ ಮಾರಲು ಶುರು ಮಾಡಿದ್ದು, ಅಚ್ಚಿನ ಲೇಬಲ್ ಸೆಪ್ಟೆಂಬರಿನಲ್ಲಿ ಬಂದದ್ದು ಎರಡನ್ನೂ ನಡೆದದ್ದು ನಡೆದ ಹಾಗೆ ಅಫಿಡವಿಟ್ಟಿನಲ್ಲಿ ಬರೆದೆವು.

ಕನ್ನಡದ ಬಿಲ್ಲುಗಳಿಗೆ ಇಂಗ್ಲಿಷ್ ಅನುವಾದ ಜೊತೆಗಿಡಬೇಕು. ಎಲ್ಲ ಬಿಲ್ಲನ್ನೂ ಅನುವಾದಿಸುವ ಗೋಜಿಗೆ ಹೋಗದೆ, ವರ್ಷಕ್ಕೆ ಮೂರು ನಾಲ್ಕು ಸ್ಪಷ್ಟವಾದವನ್ನು ಆರಿಸಿ, ಹೆಸರು ಮತ್ತು ತಾರೀಕು ಓದಲು ಬರುವ ಹಾಗೆ ಸ್ಕ್ಯಾನ್ ಮಾಡಿಸಿದೆವು. ಥರ್ಮಲ್ ಕಾಗದದ ಬಿಲ್ಲುಗಳು ಅಳಿಸಿ ಬೆಳ್ಳಗಾಗಿದ್ದವು, ಅವನ್ನು ಕೈಬಿಟ್ಟೆವು. ಅಫಿಡವಿಟ್ ಇ-ಸ್ಟ್ಯಾಂಪ್ ಕಾಗದದ ಮೇಲೆ, ನೋಟರಿಯ ಎದುರು. ಅದು ಇಂಗ್ಲಿಷಿನಲ್ಲಿರುವುದರಿಂದ ಪ್ರತಿ ಪ್ಯಾರಾವನ್ನೂ ಕನ್ನಡದಲ್ಲಿ ಓದಿ ಹೇಳಿ, ಹಾಗೆ ಓದಿ ತಿಳಿಸಲಾಗಿದೆ ಎಂಬ ಒಂದು ಸಾಲನ್ನು ಕೊನೆಯಲ್ಲಿ ಸೇರಿಸಿದೆವು. ಆ ಓದು ಶಾಸ್ತ್ರಕ್ಕಷ್ಟೇ ಅಲ್ಲ. ವರ್ಷವಾರು ವಹಿವಾಟಿನ ಪ್ಯಾರಾ ಓದುವಾಗಲೇ, ಒಂದು ವರ್ಷದ ಮೊತ್ತದಲ್ಲಿ ಹಿಂಡಿ ಮಾರಿದ ದುಡ್ಡೂ ಸೇರಿಹೋಗಿದೆ ಎಂದು ಅವರು ಹಿಡಿದರು. ಹಿಂಡಿಯನ್ನು ಆ ಹೆಸರಿನಲ್ಲಿ ಮಾರುತ್ತಿರಲಿಲ್ಲ, ಅದನ್ನು ಕಳೆದು ಸರಿಪಡಿಸಿದೆವು.

ಉತ್ತರ ಹಾಕುವುದಕ್ಕೆ ಸರ್ಕಾರಿ ಶುಲ್ಕ ಇಲ್ಲ. ಆನ್‌ಲೈನ್ ಫೈಲಿಂಗ್‌ನಲ್ಲಿ MIS-R ಆರಿಸಿ ಪಿಡಿಎಫ್ ಏರಿಸುವುದು. TM-M ಎರಡನ್ನೂ ಮೊದಲು ಹಾಕಿ, ಅವುಗಳ ಸ್ವೀಕೃತಿಯನ್ನು ಉತ್ತರಕ್ಕೆ ಲಗತ್ತಿಸಿದೆವು. ಸರಕಿನ ಪಟ್ಟಿ ಕುಗ್ಗಿಸಿದ್ದೇವೆ ಎಂದು ಉತ್ತರದಲ್ಲಿ ಬರೆದು ಫಾರಂ ಹಾಕದೇ ಬಿಟ್ಟರೆ ದಾಖಲೆಯಲ್ಲಿ ಕೋಳಿ, ಮೀನು, ಹಾಲು ಹಾಗೇ ಉಳಿಯುತ್ತವೆ, ವಾದ ಅಲ್ಲೇ ಬೀಳುತ್ತದೆ. ಅದೇ ಹೊತ್ತಿನಲ್ಲಿ ಸಂಪರ್ಕದ ಇ-ಮೇಲನ್ನೂ ಮಾಲೀಕರದ್ದಕ್ಕೆ ಬದಲಾಯಿಸಲು ಕೇಳಿಕೊಂಡೆವು.

ಉತ್ತರದಿಂದಲೇ ಅಧಿಕಾರಿಗೆ ಸಮಾಧಾನವಾದರೆ ಅರ್ಜಿ ನೇರ ಜರ್ನಲ್‌ಗೆ ಹೋಗುತ್ತದೆ. ಸೆಕ್ಷನ್ 11ರಲ್ಲಿ ನೋಂದಾಯಿತ ಹೆಸರು ಇರುವಾಗ ಅದನ್ನು ನೆಚ್ಚಿಕೊಳ್ಳಬಾರದು ಎಂದಿದ್ದೆ, ಹಾಗೆಯೇ ವಿಚಾರಣೆಗೆ ನೋಟಿಸ್ ಬಂತು. "ಚೆನ್ನೈಗೆ ಹೋಗ್ಬೇಕಾ?" ಎಂದು ಫೋನ್ ಬಂತು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಬೆಂಗಳೂರಿನಲ್ಲಿ ರಿಜಿಸ್ಟ್ರಿಯ ಕಚೇರಿ ಇಲ್ಲ. ಆದರೆ ಈ ವಿಚಾರಣೆ ವಿಡಿಯೋ ಮೂಲಕ. ಲಿಂಕ್ ಒತ್ತಿ ಸರದಿಗೆ ಕಾಯಬೇಕು. ಮಾತಾಡಲು ಸಿಗುವುದು ಕೆಲವೇ ನಿಮಿಷ, ಹಾಜರಾಗದಿದ್ದರೆ ಅಷ್ಟೂ ದುಡಿಮೆ ನೀರುಪಾಲು.

ಅಧಿಕಾರಿ 'ಗಾಣ'ದ ಬಗ್ಗೆ ಏನೂ ಕೇಳಲಿಲ್ಲ. ಅಂದುಕೊಂಡಂತೆ ತುಪ್ಪದ ಮೇಲೆ ಕೈಯಿಟ್ಟರು. TM-M ತೋರಿಸಿ ಪಟ್ಟಿಯಲ್ಲಿ ಹಾಲಿನ ಯಾವ ಪದಾರ್ಥವೂ ಇಲ್ಲ, 2019ರ ಲೇಬಲ್ ಬಿಲ್ಲು ಇಂಥ ಪುಟದಲ್ಲಿದೆ ಎಂದು ಪುಟಸಂಖ್ಯೆ ಸಮೇತ ಹೇಳಿದೆ. ಮುಂಜಾನೆಯವರು ಬಳಕೆ ಶುರು ಮಾಡಿದ್ದಾರೆಯೇ ಎಂದು ಕೇಳಿದರು. ಅವರ ಅರ್ಜಿಯ ಸ್ಥಿತಿಯ ಪುಟ ಲಗತ್ತಿಸಿದ್ದೆವು, ಅಲ್ಲಿ ಬಳಕೆಯ ಅಫಿಡವಿಟ್ ಕಾಣಿಸುತ್ತಿರಲಿಲ್ಲ. ಆದೇಶ ಆಮೇಲೆ ಬಂತು: ಕುಗ್ಗಿಸಿದ ಪಟ್ಟಿಗೆ ಮಾತ್ರ, 'ಗಾಣ' ಪದದ ಮೇಲೆ ಪ್ರತ್ಯೇಕ ಹಕ್ಕಿಲ್ಲ ಎಂಬ ಷರತ್ತಿನೊಂದಿಗೆ ಸ್ವೀಕಾರ, ಜರ್ನಲ್‌ನಲ್ಲಿ ಪ್ರಕಟಣೆ. ಪ್ರಕಟವಾದ ದಿನದಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಹಾಕಬಹುದು, ಹಾಲಿನವರೂ ಸೇರಿ. ಹಾಕಿದರೆ ಆ ನೋಟಿಸ್ ಕೈಸೇರಿದ ಎರಡು ತಿಂಗಳೊಳಗೆ ಪ್ರತಿ ಹೇಳಿಕೆ ಕೊಡಲೇಬೇಕು, ಆ ಗಡುವಿಗೆ ವಿನಾಯಿತಿ ಇಲ್ಲ. ಅದಕ್ಕೇ ಜರ್ನಲ್‌ನ ಪ್ರಕಟಣೆಯ ದಿನವನ್ನು ಅವರ ಗಾಣದ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿದ್ದೇನೆ, ಬಿಲ್ ಬುಕ್ಕಿನಲ್ಲಿ ಹೆಸರು ಅಚ್ಚಾಗಿರುವುದನ್ನು ನೋಡಿಕೊಂಡು ಪ್ರತಿ ತಿಂಗಳದ್ದೊಂದು ಬಿಲ್ಲನ್ನು ಸ್ಕ್ಯಾನ್ ಮಾಡಿಡಲು ಹೇಳಿದ್ದೇನೆ.